ಹಿಂದೆ ತಿರುಗುವ ನೆರಳು

ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಶೂನ್ಯ ನೆರಳಿನ ದಿನವೆಂದು ಈಗ ಶಾಲೆಗಳಲ್ಲೂ ಅದನ್ನು ಆಚರಿಸುತ್ತಾರೆ. ಅಷ್ಟು ಪ್ರಚಾರ ಸಿಗದ, ಆದರೆ ಅದಕ್ಕಿಂತ ವಿಚಿತ್ರವಾದ ಸಂಗತಿ ಆ ದಿನದ ಮರುದಿನದಿಂದಲೇ ಶುರುವಾಗುತ್ತದೆ. ಅಲ್ಲಿಂದ ಆಗಸ್ಟ್ ಮೂರನೇ ವಾರದವರೆಗೆ, ಬೆಳಗಿನ ಹೊತ್ತು ಕೋಲಿನ ನೆರಳು ಒಂದು ದಿಕ್ಕಿಗೆ ತಿರುಗುತ್ತಾ ಹೋಗಿ, ಒಂದು ಕಡೆ ನಿಂತು, ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗುತ್ತದೆ. ಜೂನ್ 21ರಂದು ಇದು ಚೆನ್ನಾಗಿ ಕಾಣುತ್ತದೆ. ಅಂದು ಬೆಳಿಗ್ಗೆ 6 ಗಂಟೆ 42 ನಿಮಿಷಕ್ಕೆ ನೆರಳು ಯಾವ ಗೆರೆಯ ಮೇಲೆ ಬಿದ್ದಿರುತ್ತದೋ, 9 ಗಂಟೆ 54 ನಿಮಿಷಕ್ಕೆ ಮತ್ತೆ ಅದೇ ಗೆರೆಯ ಮೇಲೆ ಬಿದ್ದಿರುತ್ತದೆ. ನಡುವೆ ಆ ಗೆರೆಯಿಂದ ಆಚೆ ಹೋಗಿ ಬಂದಿರುತ್ತದೆ.

ಈ ಎರಡು ಗಳಿಗೆಗಳನ್ನು ಆಕಾಶ ನೋಡದೆ, ಕಾಗದದ ಮೇಲೆಯೇ ಹೇಳಿಬಿಡುವ ಸಮೀಕರಣವೊಂದಿದೆ. ಪಿಯುಸಿ ಓದಿದವರೆಲ್ಲ ಅದನ್ನು ಒಮ್ಮೆ ಕಂಡೇ ಇರುತ್ತಾರೆ:

a sin x + b cos x = c

ಇದನ್ನು ಬಿಡಿಸುವ ಅತ್ಯಂತ ಸೊಗಸಾದ ದಾರಿಗೆ ಆಂಪ್ಲಿಟ್ಯೂಡ್-ಫೇಸ್ ವಿಧಾನ ಎನ್ನುತ್ತಾರೆ. ಪರೀಕ್ಷೆಯ ದೃಷ್ಟಿಯಿಂದ ಅದು ಎರಡು ಸೂತ್ರಗಳಾಗಿ ಉಳಿದುಬಿಡುತ್ತದೆ. ಆದರೆ ಆ ಸೂತ್ರಗಳ ಒಳಗೆ ಒಂದೇ ಒಂದು ಸರಳ ವಿಚಾರವಿದೆ: ಮೊದಲು ಶಿಖರ ಎಲ್ಲಿದೆ ಎಂದು ಹುಡುಕು, ಆಮೇಲೆ ಅಲ್ಲಿಂದ ಎರಡೂ ಕಡೆಗೆ ಸಮಾನವಾಗಿ ಇಳಿ. ಜೂನ್ 21ರ ಬೆಳಗಿನ ಸೂರ್ಯನಲ್ಲಿ ಈ ವಿಚಾರ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಸಣ್ಣ ಅಂಕಿಗಳಿಂದ ಹೊರಡೋಣ. 3 sin x + 4 cos x = 2.5 ಎಂಬ ಸಮೀಕರಣ ಇದೆ ಎನ್ನಿ. ಸೈನ್ ಮತ್ತು ಕೊಸೈನ್ ಎರಡೂ ಒಟ್ಟಿಗೆ ಇರುವುದೇ ಇಲ್ಲಿನ ತೊಡಕು. x ಹೆಚ್ಚಿದಂತೆ ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ, ಮೊತ್ತ ಏನಾಗುತ್ತದೆ ಎಂದು ನೋಡಿದೊಡನೆ ಹೇಳಲಾಗದು. ಒಂದೇ ಸೈನ್ ಅಥವಾ ಒಂದೇ ಕೊಸೈನ್ ಇದ್ದಿದ್ದರೆ ಕ್ಯಾಲ್ಕ್ಯುಲೇಟರಿನ ಒಂದು ಗುಂಡಿ ಸಾಕಿತ್ತು.

ಗಾರೆಯವರು ಪಾಯ ಹಾಕುವಾಗ ಬಳಸುವ ಮೂಲೆಮಟ್ಟವನ್ನು ನೆನಪಿಸಿಕೊಳ್ಳಿ. ಎರಡು ಪಟ್ಟಿಗಳು ಲಂಬಕೋನದಲ್ಲಿ ಕೂಡಿದ ಉಪಕರಣ ಅದು. ಒಂದು ಪಟ್ಟಿ 3 ಅಡಿ, ಇನ್ನೊಂದು 4 ಅಡಿ ಇರಲಿ. 3 ಅಡಿ ಪಟ್ಟಿಯ ಬಿಡಿತುದಿಯನ್ನು ನೆಲದ ಮೇಲಿನ ಒಂದು ಬಿಂದುವಿಗೆ ಒತ್ತಿ ಹಿಡಿದು, ಆ ಪಟ್ಟಿ ನೆಲಕ್ಕೆ x ಕೋನದಲ್ಲಿ ಇರುವಂತೆ ಎತ್ತಿ. ಪಟ್ಟಿಯ ಮೇಲ್ತುದಿ, ಅಂದರೆ ಮೂಲೆ, ನೆಲದಿಂದ 3 sin x ಎತ್ತರದಲ್ಲಿದೆ. ಅಲ್ಲಿಂದ 4 ಅಡಿ ಪಟ್ಟಿ ಲಂಬಕೋನದಲ್ಲಿ ತಿರುಗಿ ಇನ್ನೂ ಮೇಲಕ್ಕೆ ಹೋಗುತ್ತದೆ, ಅದು ಸೇರಿಸುವ ಎತ್ತರ 4 cos x. ಹಾಗಾಗಿ ಮೂಲೆಮಟ್ಟದ ಕೊನೆಯ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದೇ 3 sin x + 4 cos x.

ಈಗ ಎರಡೂ ಪಟ್ಟಿಗಳನ್ನು ಮರೆತು ಒತ್ತಿ ಹಿಡಿದ ಬಿಂದುವನ್ನೂ ಕೊನೆಯ ತುದಿಯನ್ನೂ ಸೇರಿಸುವ ಗೆರೆಯನ್ನಷ್ಟೇ ನೋಡಿ. ಅದರ ಉದ್ದ ಪೈಥಾಗೊರಸ್ ಪ್ರಮೇಯದಂತೆ 5 ಅಡಿ. ಮೂಲೆಮಟ್ಟವನ್ನು ಹೇಗೆ ತಿರುಗಿಸಿದರೂ ಈ 5 ಬದಲಾಗುವುದಿಲ್ಲ. ಅಂದರೆ ಕೊನೆಯ ತುದಿ 5 ಅಡಿ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತದೆ, ಅಷ್ಟೆ. ಎರಡು ಪದಗಳ ಗೊಂದಲ ಒಂದು ವೃತ್ತಕ್ಕೆ ಇಳಿಯಿತು. ಈ 5ನ್ನೇ ಆಂಪ್ಲಿಟ್ಯೂಡ್ ಅಥವಾ ಪಾರ ಎನ್ನುತ್ತೇವೆ, ಸಾಮಾನ್ಯವಾಗಿ R ಎಂದು ಬರೆಯುತ್ತೇವೆ. ಯಾವುದೇ a, b ಇದ್ದರೂ R ಎಂದರೆ a² + b² ನ ವರ್ಗಮೂಲ.

ತುದಿ ಅತಿ ಎತ್ತರಕ್ಕೆ ಹೋಗುವುದು ಯಾವಾಗ? ಆ 5 ಅಡಿ ಗೆರೆ ನೆಟ್ಟಗೆ ನಿಂತಾಗ. ಆಗ x ಎಷ್ಟು ಎಂಬುದಕ್ಕೆ ಅದೇ ತ್ರಿಕೋನ ಉತ್ತರ ಕೊಡುತ್ತದೆ: ಕೊಸೈನ್ 4/5, ಸೈನ್ 3/5 ಇರುವ ಕೋನ, ಅಂದರೆ 36.87 ಡಿಗ್ರಿ. ಇದು ಫೇಸ್, ಇದನ್ನು α ಎನ್ನೋಣ. ಶಿಖರದಿಂದ ಆಚೆ ಈಚೆ ಎಷ್ಟು ತಿರುಗಿದ್ದೇವೆ ಎಂಬುದೊಂದೇ ಇನ್ನು ಮುಖ್ಯ. ಆದ್ದರಿಂದ

3 sin x + 4 cos x = 5 cos(x − 36.87°)

ಬಲಗಡೆಯನ್ನು ಕೂಡು-ಕೋನದ ಸೂತ್ರದಿಂದ ಬಿಡಿಸಿ ನೋಡಿದರೆ ಎಡಗಡೆಯೇ ಸಿಗುತ್ತದೆ. ಬೇಕೆಂದವರು ಕಾಗದದಲ್ಲಿ ಮಾಡಿ ನೋಡಬಹುದು. ಇನ್ನು ಸಮೀಕರಣ ಸುಲಭ. 5 cos(x − 36.87°) = 2.5 ಆದರೆ ಕೊಸೈನ್ ಅರ್ಧ, ಅರ್ಧ ಎಂದರೆ 60 ಡಿಗ್ರಿ. ಶಿಖರದಿಂದ ಮುಂದಕ್ಕೆ 60 ಡಿಗ್ರಿ ಹೋದರೆ 96.87, ಹಿಂದಕ್ಕೆ 60 ಹೋದರೆ −23.13. ಎರಡೂ ಉತ್ತರಗಳು. ಪೂರ್ತಿ ಸುತ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಪ್ರತಿಯೊಂದಕ್ಕೂ 360ರ ಮಡಿಗಳನ್ನು ಸೇರಿಸಿಕೊಳ್ಳಬಹುದು.

c 5ಕ್ಕಿಂತ ದೊಡ್ಡದಾಗಿದ್ದರೆ ಏನಾಗುತ್ತಿತ್ತು ಎಂಬುದೂ ಈ ಚಿತ್ರದಲ್ಲೇ ಇದೆ. 5 ಅಡಿ ತ್ರಿಜ್ಯದ ವೃತ್ತದಲ್ಲಿ ಸುತ್ತುವ ತುದಿ 6 ಅಡಿ ಎತ್ತರಕ್ಕೆ ಎಂದೂ ಹೋಗದು. ಉತ್ತರವೇ ಇಲ್ಲ. c ಸರಿಯಾಗಿ 5 ಆದರೆ ತುದಿ ಆ ಎತ್ತರವನ್ನು ಒಂದು ಸುತ್ತಿಗೆ ಒಮ್ಮೆ ಮಾತ್ರ ಮುಟ್ಟುತ್ತದೆ. 5ಕ್ಕಿಂತ ಕಡಿಮೆಯಾದರೆ ಏರುವಾಗೊಮ್ಮೆ ಇಳಿಯುವಾಗೊಮ್ಮೆ, ಎರಡು ಸಲ.

ಈಗ ಸೂರ್ಯನ ಕಡೆ ಬರೋಣ.

ಆಕಾಶದಲ್ಲಿ ಸೂರ್ಯ ಎಲ್ಲಿದ್ದಾನೆ ಎಂದು ಹೇಳಲು ನಮಗೆ ಎರಡು ಅಳತೆ ಬೇಕು. ದಿಗಂತದಿಂದ ಎಷ್ಟು ಡಿಗ್ರಿ ಮೇಲೆ ಇದ್ದಾನೆ ಎಂಬುದು ಉನ್ನತಿ, ಅದನ್ನು h ಎನ್ನೋಣ. ಉತ್ತರ ದಿಕ್ಕಿನಿಂದ ಪೂರ್ವದ ಕಡೆಗೆ ಎಷ್ಟು ಡಿಗ್ರಿ ತಿರುಗಿದರೆ ಅವನ ಕೆಳಗಿನ ದಿಗಂತ ಸಿಗುತ್ತದೆ ಎಂಬುದು ದಿಗಂಶ, ಅದು A. ನೇರ ಪೂರ್ವದ ದಿಗಂಶ 90. ಇವಲ್ಲದೆ ಆ ದಿನ ಸೂರ್ಯ ಆಕಾಶದ ವಿಷುವದ್ವೃತ್ತದಿಂದ ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಎಂಬ ಅಳತೆ ಕ್ರಾಂತಿ. ಜೂನ್ 21ಕ್ಕೆ ಅದು ಉತ್ತರಕ್ಕೆ 23.44 ಡಿಗ್ರಿ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ ಎಂದಿಟ್ಟುಕೊಳ್ಳೋಣ. ಇವು ನಾಲ್ಕನ್ನೂ ಹೆಣೆಯುವ ಸಂಬಂಧ ಇದು:

sin(ಅಕ್ಷಾಂಶ) · sin h + cos(ಅಕ್ಷಾಂಶ) · cos A · cos h = sin(ಕ್ರಾಂತಿ)

ಎಡಗಡೆ ಹೇಗೆ ಬಂತೆಂದು ಹೇಳುವುದು ಕಷ್ಟವಲ್ಲ. ಧ್ರುವ ನಕ್ಷತ್ರದ ಕಡೆಗೆ ಹೋಗುವ ದಿಕ್ಕಿನಲ್ಲಿ ಸ್ವಲ್ಪ ಪಾಲು ಮೇಲಕ್ಕೆ, ಹೆಚ್ಚು ಪಾಲು ಉತ್ತರಕ್ಕೆ. ಸೂರ್ಯನ ದಿಕ್ಕಿಗೂ ಹಾಗೇ ಮೇಲಿನ ಪಾಲು, ಉತ್ತರದ ಪಾಲು ಉಂಟು. ಮೇಲಿನದನ್ನು ಮೇಲಿನದರಿಂದ, ಉತ್ತರದ್ದನ್ನು ಉತ್ತರದ್ದರಿಂದ ಗುಣಿಸಿ ಕೂಡಿದರೆ ಸೂರ್ಯ ಧ್ರುವದ ಕಡೆಗೆ ಎಷ್ಟು ವಾಲಿದ್ದಾನೆ ಎಂದು ಸಿಗುತ್ತದೆ. ಆ ವಾಲುವಿಕೆಯೇ ಕ್ರಾಂತಿಯ ಸೈನ್. ಈಗ ದಿಕ್ಕನ್ನು ನಾವೇ ಆರಿಸಿಕೊಂಡರೆ, ಗೊತ್ತಿಲ್ಲದ್ದು h ಒಂದೇ. ಸಮೀಕರಣ ನಮ್ಮ a sin x + b cos x = c ಆಗಿ ನಿಲ್ಲುತ್ತದೆ.

ದಿಗಂಶ 68 ಡಿಗ್ರಿ ಆರಿಸಿಕೊಳ್ಳೋಣ, ಅಂದರೆ ನೇರ ಪೂರ್ವದಿಂದ 22 ಡಿಗ್ರಿ ಉತ್ತರಕ್ಕೆ. ಜೂನ್ 21ರಂದು ಸೂರ್ಯ ಈ ದಿಕ್ಕಿನಲ್ಲಿ ಎಷ್ಟು ಎತ್ತರದಲ್ಲಿ ಸಿಗುತ್ತಾನೆ? 13 ಡಿಗ್ರಿಯ ಸೈನ್ 0.2250. ಅದರ ಕೊಸೈನ್ 0.9744, ಅದನ್ನು 68ರ ಕೊಸೈನ್‌ನಿಂದ ಗುಣಿಸಿದರೆ 0.3650. 23.44ರ ಸೈನ್ 0.3978. ಸಮೀಕರಣ:

0.2250 sin h + 0.3650 cos h = 0.3978

R ಎಷ್ಟು? ಎರಡರ ವರ್ಗಗಳನ್ನು ಕೂಡಿ ಮೂಲ ತೆಗೆದರೆ 0.4288. ಶಿಖರದ ಕೋನ α ಗೆ ಟ್ಯಾನ್ ಬೆಲೆ 0.2250/0.3650, ಎರಡೂ ಧನಾತ್ಮಕವಾದ್ದರಿಂದ ಅನುಮಾನಕ್ಕೆ ಎಡೆಯಿಲ್ಲ, α = 31.65 ಡಿಗ್ರಿ. ಇನ್ನು cos(h − 31.65°) = 0.3978/0.4288 = 0.9277, ಅದರ ಕೋನ 21.91 ಡಿಗ್ರಿ. ಶಿಖರದಿಂದ ಎರಡೂ ಕಡೆ 21.91 ಇಳಿದರೆ ಸಿಗುವ ಉನ್ನತಿಗಳು 53.56 ಡಿಗ್ರಿ ಮತ್ತು 9.74 ಡಿಗ್ರಿ.

ಎರಡೂ ದಿಗಂತದ ಮೇಲಿವೆ. ಎರಡೂ ಬೆಳಗಿನವೇ, ಏಕೆಂದರೆ ದಿಕ್ಕು ಪೂರ್ವದ ಕಡೆಯದು. ಅಂದರೆ ಸೂರ್ಯ ಒಂದೇ ಬೆಳಗಿನಲ್ಲಿ ಒಂದೇ ದಿಕ್ಕಿಗೆ ಎರಡು ಸಲ ಬರುತ್ತಾನೆ. ಒಮ್ಮೆ ಇನ್ನೂ ಮರಗಳ ಮಟ್ಟದಲ್ಲಿರುವಾಗ, ಇನ್ನೊಮ್ಮೆ ಅರ್ಧ ಆಕಾಶ ಏರಿದ ಮೇಲೆ. ಉನ್ನತಿಯಿಂದ ಹೊತ್ತು ಲೆಕ್ಕ ಹಾಕಿ, ಬೆಂಗಳೂರು ಭಾರತೀಯ ಕಾಲಮಾನದ ರೇಖೆಯಿಂದ ಪಶ್ಚಿಮಕ್ಕಿರುವುದರಿಂದ ಅಂದು ಸೂರ್ಯನ ನಡುಹಗಲು ಸುಮಾರು 12 ಗಂಟೆ 21 ನಿಮಿಷಕ್ಕೆ ಬರುತ್ತದೆ ಎಂಬುದನ್ನು ಸೇರಿಸಿದರೆ, ಮೊದಲು ಹೇಳಿದ 6.42 ಮತ್ತು 9.54 ಸಿಗುತ್ತವೆ. ಒಂದು ಮೀಟರ್ ಕೋಲಿನ ನೆರಳು ಮೊದಲ ಸಲ ಸುಮಾರು 5.8 ಮೀಟರ್ ಉದ್ದ, ಎರಡನೇ ಸಲ ಮುಕ್ಕಾಲು ಮೀಟರಿಗಿಂತ ಒಂದಿಷ್ಟು ಕಡಿಮೆ. ಗೆರೆ ಮಾತ್ರ ಒಂದೇ.

ಈ ಲೆಕ್ಕದಲ್ಲಿ R ಮತ್ತು α ಬರೀ ಬೀಜಗಣಿತದ ಅನುಕೂಲಗಳಲ್ಲ, ಆಕಾಶದಲ್ಲಿ ಅವಕ್ಕೆ ಜಾಗ ಇದೆ. 68 ಡಿಗ್ರಿ ದಿಕ್ಕಿನಲ್ಲಿ ದಿಗಂತದಿಂದ ನೆತ್ತಿಯವರೆಗೆ ಒಂದು ಕಮಾನನ್ನು ಕಲ್ಪಿಸಿಕೊಳ್ಳಿ. ಆ ಕಮಾನಿನ ಮೇಲೆ ಕಣ್ಣು ಏರಿಸುತ್ತಾ ಹೋದರೆ ಪ್ರತಿ ಬಿಂದುವಿನ ಕ್ರಾಂತಿ ಮೊದಲು ಹೆಚ್ಚುತ್ತದೆ, 31.65 ಡಿಗ್ರಿ ಎತ್ತರದಲ್ಲಿ ಅತಿ ಹೆಚ್ಚಾಗುತ್ತದೆ, ಆಮೇಲೆ ಕಡಿಮೆಯಾಗುತ್ತಾ ನೆತ್ತಿಗೆ ಬಂದಾಗ ಬೆಂಗಳೂರಿನ ಅಕ್ಷಾಂಶದಷ್ಟು, ಅಂದರೆ 13ಕ್ಕೆ ಇಳಿಯುತ್ತದೆ. ಶಿಖರದಲ್ಲಿ ಕ್ರಾಂತಿಯ ಸೈನ್ 0.4288, ಅಂದರೆ ಕ್ರಾಂತಿ ಸುಮಾರು 25.4 ಡಿಗ್ರಿ. ಸೂರ್ಯನ ಕ್ರಾಂತಿ ಅದಕ್ಕಿಂತ ಕಡಿಮೆ, 23.44. ಹಾಗಾಗಿ ಸೂರ್ಯನ ದಾರಿ ಈ ಕಮಾನನ್ನು ಶಿಖರದ ಕೆಳಗೊಮ್ಮೆ, ಮೇಲೊಮ್ಮೆ ದಾಟಲೇಬೇಕು. α ಎಂಬುದು ಕಮಾನಿನ ಶಿಖರ, R ಎಂಬುದು ಅಲ್ಲಿನ ಕ್ರಾಂತಿಯ ಸೈನ್.

ಹಾಗಾದರೆ ಇನ್ನೊಂದಿಷ್ಟು ಪೂರ್ವಕ್ಕೆ ಸರಿದು 72 ಡಿಗ್ರಿ ದಿಕ್ಕನ್ನು ಹಿಡಿಯೋಣ. ಈಗ b 0.3011 ಆಗುತ್ತದೆ, R 0.3759 ಆಗುತ್ತದೆ. c ಅದೇ 0.3978. ಭಾಗಿಸಿದರೆ 1.058. ಯಾವ ಕೋನಕ್ಕೂ ಕೊಸೈನ್ 1ನ್ನು ಮೀರದು. ಕ್ಯಾಲ್ಕ್ಯುಲೇಟರ್ ದೋಷ ಎಂದು ತೋರಿಸುತ್ತದೆ. ಆದರೆ ಇಲ್ಲಿ ದೋಷವೇನೂ ಆಗಿಲ್ಲ. ಜೂನ್ 21ರ ಬೆಳಿಗ್ಗೆ ಬೆಂಗಳೂರಿನ ಸೂರ್ಯ 72 ಡಿಗ್ರಿ ದಿಕ್ಕಿಗೆ ಬರುವುದೇ ಇಲ್ಲ ಎಂಬುದು ಉತ್ತರ. ಆ ಕಮಾನಿನ ಮೇಲಿನ ಅತಿ ಹೆಚ್ಚಿನ ಕ್ರಾಂತಿ 22 ಡಿಗ್ರಿ ಚಿಲ್ಲರೆ ಮಾತ್ರ, ಸೂರ್ಯ ಅದಕ್ಕಿಂತ ಉತ್ತರದಲ್ಲೇ ಓಡಾಡುತ್ತಾನೆ. ಪೂರ್ವದಲ್ಲಿ ಹುಟ್ಟುವ ಸೂರ್ಯ ಎಂದು ನಾವು ಹೇಳುತ್ತಲೇ ಇರುತ್ತೇವೆ, ಅಂದು ಅವನು ನೇರ ಪೂರ್ವಕ್ಕೆ ಒಂದು ಕ್ಷಣವೂ ಬರುವುದಿಲ್ಲ.

ಎರಡು ಉತ್ತರ ಇರುವ 68ಕ್ಕೂ ಉತ್ತರವೇ ಇಲ್ಲದ 72ಕ್ಕೂ ನಡುವೆ ಎಲ್ಲೋ ಒಂದೇ ಉತ್ತರದ ದಿಕ್ಕು ಇರಬೇಕಲ್ಲ? R ಮತ್ತು c ಸಮವಾಗುವ ದಿಕ್ಕು ಅದು, ಲೆಕ್ಕ ಹಾಕಿದರೆ 70.3 ಡಿಗ್ರಿ. ಅಲ್ಲಿ ಸೂರ್ಯನ ಉನ್ನತಿ 34.4 ಡಿಗ್ರಿ, ಹೊತ್ತು ಸುಮಾರು 8.30. ನೆರಳು ನಿಂತು ಹಿಂದಕ್ಕೆ ತಿರುಗುವ ಗಳಿಗೆ ಅದೇ. ಅಂದಿನ ಬೆಳಗಿನ ಪೂರ್ತಿ ಕಥೆ ಈಗ ಸಿಕ್ಕಿತು: ಸೂರ್ಯ 66 ಡಿಗ್ರಿ ದಿಕ್ಕಿನಲ್ಲಿ ಹುಟ್ಟುತ್ತಾನೆ, ಪೂರ್ವದ ಕಡೆಗೆ ಜರುಗುತ್ತಾ 8.30ಕ್ಕೆ 70.3ನ್ನು ಮುಟ್ಟುತ್ತಾನೆ, ಆಮೇಲೆ ಉತ್ತರದ ಕಡೆಗೆ ಹಿಂದಿರುಗುತ್ತಾ ನಡುಹಗಲಿಗೆ ನೆತ್ತಿಗಿಂತ ಹತ್ತೂವರೆ ಡಿಗ್ರಿ ಉತ್ತರದಲ್ಲಿ ನಿಲ್ಲುತ್ತಾನೆ. ಮಧ್ಯಾಹ್ನದ ಮೇಲೆ ಪಶ್ಚಿಮದಲ್ಲಿ ಇದೇ ಆಟ ತಿರುಗುಮುರುಗಾಗಿ ನಡೆಯುತ್ತದೆ. ಉಷ್ಣವಲಯದಲ್ಲಿ ನೆರಳು ಹೀಗೆ ಹಿಂದಕ್ಕೆ ಸರಿಯಬೇಕೆಂದು 16ನೇ ಶತಮಾನದ ಪೋರ್ಚುಗೀಸ್ ಗಣಿತಜ್ಞ ಪೆಡ್ರೊ ನುನೆಸ್ ಲೆಕ್ಕದಿಂದಲೇ ಕಂಡುಕೊಂಡಿದ್ದ. ಅವನಿದ್ದ ಪೋರ್ಚುಗಲ್‌ನಲ್ಲಿ ನೆಟ್ಟಗೆ ನಿಂತ ಕೋಲಿನ ನೆರಳು ಹಾಗೆ ಮಾಡುವುದೇ ಇಲ್ಲ.

ಶಿಖರದ ಹತ್ತಿರ ಒಂದು ಎಚ್ಚರ ಬೇಕು. 70 ಡಿಗ್ರಿ ದಿಕ್ಕಿಗೆ ಇದೇ ಲೆಕ್ಕ ಹಾಕಿದರೆ ಉನ್ನತಿಗಳು 25.7 ಮತ್ತು 42.4 ಎಂದು ಬರುತ್ತವೆ. ದಿಕ್ಕಿನಲ್ಲಿ ಡಿಗ್ರಿಯ ಮೂರನೇ ಒಂದು ಪಾಲಿನ ವ್ಯತ್ಯಾಸ ಉನ್ನತಿಯಲ್ಲಿ ಎಂಟೆಂಟು ಡಿಗ್ರಿಯ ವ್ಯತ್ಯಾಸವಾಯಿತು. c/R ಒಂದರ ಹತ್ತಿರ ಬಂದಾಗಲೆಲ್ಲ ಹೀಗೇ, ಏಕೆಂದರೆ ಶಿಖರದ ತಲೆ ಚಪ್ಪಟೆ. ಅಲ್ಲಿ ಸ್ವಲ್ಪ ಕೆಳಗಿಳಿಯಲು ಬಹಳ ದೂರ ಅಡ್ಡ ನಡೆಯಬೇಕು. ಕೋಲಿನ ಮಟ್ಟಿಗೆ ಇದರ ಅರ್ಥ, 7.52ರಿಂದ 9.05ರವರೆಗೆ ಸುಮಾರು ಒಂದು ಗಂಟೆ ಕಾಲು ನೆರಳಿನ ದಿಕ್ಕು ಅಲುಗಿದ್ದೇ ಗೊತ್ತಾಗುವುದಿಲ್ಲ, ಉದ್ದ ಮಾತ್ರ ಕುಗ್ಗುತ್ತದೆ. ನೆಟ್ಟಗೆ ನೆಟ್ಟ ಕೋಲಿನ ನೆರಳಿನ ದಿಕ್ಕನ್ನಷ್ಟೇ ನೋಡಿ ಗಂಟೆ ಹೇಳುವ ಗಡಿಯಾರ ನಮ್ಮ ನಾಡಿನಲ್ಲಿ ಈ ತಿಂಗಳುಗಳಲ್ಲಿ ನಡೆಯದು. ನೆರಳು ಗಡಿಯಾರದ ಕಡ್ಡಿಯನ್ನು ಉತ್ತರಕ್ಕೆ ವಾಲಿಸಿ ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸುವುದು ಇದಕ್ಕಾಗಿಯೇ.

ತಾರಸಿಯ ಮೇಲೆ ಇದನ್ನು ನೋಡಬೇಕೆಂದವರು ದಿಕ್ಸೂಚಿಯನ್ನು ನಂಬಬೇಡಿ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟಿನ ಮೇಲೆ ಅದರ ಮುಳ್ಳು ಕೆಲವು ಡಿಗ್ರಿ ಸುಲಭವಾಗಿ ತಪ್ಪುತ್ತದೆ, ನಾವು ಹುಡುಕುತ್ತಿರುವುದೇ ನಾಲ್ಕು ಚಿಲ್ಲರೆ ಡಿಗ್ರಿಯ ಚಲನೆ. ಹಳೆಯ ಶಂಕು ವಿಧಾನ ಅದಕ್ಕಿಂತ ಮೇಲು. ಕೋಲಿನ ಬುಡವನ್ನು ಕೇಂದ್ರವಾಗಿಟ್ಟು ವೃತ್ತ ಎಳೆಯಿರಿ, ಬೆಳಿಗ್ಗೆ ನೆರಳಿನ ತುದಿ ವೃತ್ತದ ಒಳಗೆ ಬರುವ ಜಾಗವನ್ನೂ ಸಂಜೆ ಹೊರಗೆ ಹೋಗುವ ಜಾಗವನ್ನೂ ಗುರುತು ಮಾಡಿ ಗೆರೆ ಸೇರಿಸಿ, ಅದು ಪೂರ್ವಪಶ್ಚಿಮ ರೇಖೆ. ನೆರಳು ಹಿಂದೆ ಸರಿಯುವುದನ್ನು ನೋಡಲು ಇಷ್ಟೂ ಬೇಕಿಲ್ಲ. 7 ಗಂಟೆಯ ಸುಮಾರಿಗೆ ನೆರಳಿನ ಗುಂಟ ಬುಡದಿಂದ ಸೀಮೆಸುಣ್ಣದ ಗೆರೆ ಎಳೆದು, ಮತ್ತೆ 8.30ಕ್ಕೆ, 10 ಗಂಟೆಗೆ ಎಳೆದರೆ ಸಾಕು. ಜೂನ್‌ನಲ್ಲಿ ಮೋಡ ಅಡ್ಡ ಬಂದೀತು. ಮೇ ನಡುವೆಯೂ ಸೂರ್ಯನ ಕ್ರಾಂತಿ ಸುಮಾರು 19 ಡಿಗ್ರಿ ಇರುವುದರಿಂದ ನೆರಳು ಐದು ಡಿಗ್ರಿಗಿಂತ ಹೆಚ್ಚೇ ಹೋಗಿ ಬರುತ್ತದೆ, ಆಕಾಶವೂ ಶುಭ್ರವಾಗಿರುತ್ತದೆ. ಗಂಟೆಗಳನ್ನು ಮಾತ್ರ ಹೊಸ ಕ್ರಾಂತಿಯಿಂದ ಮತ್ತೆ ಲೆಕ್ಕ ಹಾಕಿಕೊಳ್ಳಬೇಕು.

ಇದೇ ಸಮೀಕರಣವನ್ನು ಬಿಡಿಸಲು ಇನ್ನೊಂದು ಹಳೆಯ ದಾರಿಯೂ ಇದೆ, ಎರಡೂ ಕಡೆ ವರ್ಗ ಮಾಡುವುದು. ಸೈನ್ ಪದವನ್ನು ಒಂದು ಕಡೆ ಬಿಟ್ಟು ಉಳಿದದ್ದನ್ನು ಆಚೆಗೆ ಕಳಿಸಿ ವರ್ಗ ಮಾಡಿದರೆ ಕೊಸೈನ್‌ನ ವರ್ಗಸಮೀಕರಣ ಸಿಗುತ್ತದೆ. ನಮ್ಮ 3, 4, 2.5ರ ಉದಾಹರಣೆಗೆ ಹಾಗೆ ಮಾಡಿದರೆ ಕೊಸೈನ್‌ಗೆ 0.9196 ಮತ್ತು −0.1196 ಎಂಬ ಎರಡು ಬೆಲೆ. ಪ್ರತಿಯೊಂದಕ್ಕೂ ಧನ, ಋಣ ಎರಡು ಕೋನ: 23.13, −23.13, 96.87, −96.87. ನಾಲ್ಕು ಉತ್ತರ! ಇವುಗಳಲ್ಲಿ ಎರಡು ಸುಳ್ಳು. 23.13 ಡಿಗ್ರಿಯನ್ನು ಮೂಲ ಸಮೀಕರಣದಲ್ಲಿ ಹಾಕಿ ನೋಡಿ, 2.5ರ ಬದಲು 4.86 ಬರುತ್ತದೆ. ವರ್ಗ ಮಾಡಿದಾಗ ಚಿಹ್ನೆ ಅಳಿಸಿಹೋಗುವುದರಿಂದ ಸಮೀಕರಣಕ್ಕೆ ಸಂಬಂಧವಿಲ್ಲದ ಕೋನಗಳೂ ಒಳಗೆ ನುಸುಳುತ್ತವೆ. ವರ್ಗ ಮಾಡಿದವರು ಪ್ರತಿ ಉತ್ತರವನ್ನೂ ಮೂಲಕ್ಕೆ ಹಾಕಿ ನೋಡದೆ ಬಿಡುವಂತಿಲ್ಲ.

ನಮ್ಮ ಹಳೆಯ ಜ್ಯೋತಿಷಿಗಳು ವರ್ಗದ ದಾರಿಯಲ್ಲೇ ನಡೆದು ಈ ತೊಡಕನ್ನು ಸೂರ್ಯನನ್ನು ನೋಡಿಯೇ ಬಗೆಹರಿಸಿದ್ದರು. ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರದಲ್ಲಿ ಕೋಣಶಂಕು ಎಂಬ ಲೆಕ್ಕವಿದೆ. ಸೂರ್ಯ ಆಗ್ನೇಯ, ಈಶಾನ್ಯದಂಥ ಮೂಲೆದಿಕ್ಕಿಗೆ ಬಂದಾಗ ಅವನ ಉನ್ನತಿಯ ಜ್ಯಾ ಎಷ್ಟು ಎಂಬುದು ಪ್ರಶ್ನೆ. ಅಲ್ಲಿನ ನಿಯಮ ಒಂದು ವರ್ಗಮೂಲವನ್ನು ಕಂಡುಕೊಂಡು, ಅದರಿಂದ ಫಲ ಎಂಬ ರಾಶಿಯನ್ನು ಸೂರ್ಯ ದಕ್ಷಿಣಗೋಲದಲ್ಲಿದ್ದರೆ ಕಳೆಯಲು, ಉತ್ತರಗೋಲದಲ್ಲಿದ್ದರೆ ಕೂಡಲು ಹೇಳುತ್ತದೆ. ಡಿಸೆಂಬರ್ 21ರ ಬೆಂಗಳೂರಿಗೆ, ಆಗ್ನೇಯ ದಿಕ್ಕಿಗೆ ಅದನ್ನು ಅನ್ವಯಿಸಿದರೆ, ತ್ರಿಜ್ಯ 1 ಎಂದು ಹಿಡಿದಾಗ, ವರ್ಗಮೂಲ 0.7946, ಫಲ 0.1704. ಕಳೆದರೆ 0.624, ಅದು 38.6 ಡಿಗ್ರಿಯ ಸೈನ್. ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿ ಮೂಲೆದಿಕ್ಕುಗಳಿಗಷ್ಟೇ ನಿಲ್ಲದೆ ಬೇಕಾದ ದಿಕ್ಕಿನ ನೆರಳನ್ನೂ ಲೆಕ್ಕ ಹಾಕಿದರು. ಆಂಪ್ಲಿಟ್ಯೂಡ್-ಫೇಸ್ ವಿಧಾನಕ್ಕೆ ಬೇಕಾದ ಕೂಡು-ಕೋನದ ಜ್ಯಾ ನಿಯಮವೂ ಅವರ ಜ್ಯೋತ್ಪತ್ತಿಯಲ್ಲಿದೆ.

ಅದೇ ಡಿಸೆಂಬರ್ ಲೆಕ್ಕವನ್ನು ನಮ್ಮ ವಿಧಾನದಲ್ಲಿ ಮಾಡುವಾಗ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವ ಜಾಗ ಎದುರಾಗುತ್ತದೆ. ಆಗ್ನೇಯದ ದಿಗಂಶ 135, ಅದರ ಕೊಸೈನ್ ಋಣಾತ್ಮಕ. ಕ್ರಾಂತಿಯೂ ದಕ್ಷಿಣದ್ದು, ಹಾಗಾಗಿ c ಕೂಡ ಋಣಾತ್ಮಕ:

0.2250 sin h − 0.6890 cos h = −0.3978

R = 0.7248. α ಗೆ ಟ್ಯಾನ್ ಬೆಲೆ −0.3265. ಇಲ್ಲಿ ಕ್ಯಾಲ್ಕ್ಯುಲೇಟರಿನ ವಿಲೋಮ ಟ್ಯಾನ್ ಗುಂಡಿ ಒತ್ತಿದರೆ −18.08 ಡಿಗ್ರಿ ಎನ್ನುತ್ತದೆ. ಆ ಕೋನದ ಟ್ಯಾನ್ ಸರಿ, ಆದರೆ ಕೋನ ತಪ್ಪು. ನಮಗೆ ಬೇಕಾದ α ಗೆ ಸೈನ್ ಧನ, ಕೊಸೈನ್ ಋಣ ಇರಬೇಕು, ಅಂದರೆ ಅದು ಎರಡನೇ ಚತುರ್ಥಕದಲ್ಲಿರಬೇಕು: 161.92 ಡಿಗ್ರಿ. ಟ್ಯಾನ್ ಎಂಬುದು ಭಾಗಲಬ್ಧವಾದ್ದರಿಂದ ಮೇಲಿನದು ಋಣವೋ ಕೆಳಗಿನದು ಋಣವೋ ಎಂಬ ಸುದ್ದಿ ಅದರಲ್ಲಿ ಉಳಿಯುವುದಿಲ್ಲ. −18.08ನ್ನೇ ನಂಬಿ ಮುಂದುವರಿದರೆ h = 105.21 ಎಂಬ ಉತ್ತರ ಬರುತ್ತದೆ. ಉನ್ನತಿ 90ನ್ನು ದಾಟುವುದಿಲ್ಲ ಎಂಬುದೇ ಮೊದಲ ಸೂಚನೆ. ಅದನ್ನು ಸಮೀಕರಣಕ್ಕೆ ಹಾಕಿ ನೋಡಿದರೆ −0.3978ರ ಬದಲು +0.3978 ಬರುತ್ತದೆ. ಅಂಕಿ ಪೂರ್ತಿ ಹೊಂದಿ ಚಿಹ್ನೆ ಮಾತ್ರ ತಿರುಗಿದ್ದರೆ ಚತುರ್ಥಕ ತಪ್ಪಿದೆ ಎಂದೇ ತಿಳಿಯಿರಿ, ಬೇರೆಲ್ಲೂ ತಪ್ಪು ಹುಡುಕಬೇಕಾಗಿಲ್ಲ. ಪಾರಾಗಲು ಸುಲಭದ ಉಪಾಯವೂ ಇದೆ: ಇಡೀ ಸಮೀಕರಣವನ್ನು −1ರಿಂದ ಗುಣಿಸಿ 0.6890 cos h − 0.2250 sin h = 0.3978 ಎಂದು ಬರೆದುಕೊಂಡರೆ ಎಡಗಡೆ 0.7248 cos(h + 18.08°) ಆಗುತ್ತದೆ, 18.08 ಎಂಬ ಲಘುಕೋನವೇ ಸಾಕಾಗುತ್ತದೆ.

ಹೇಗೆ ಮಾಡಿದರೂ ಸರಿಯಾದ ಉತ್ತರಗಳು 38.63 ಮತ್ತು −74.79. ಮೊದಲನೆಯದು ಸೂರ್ಯಸಿದ್ಧಾಂತದ ಉತ್ತರವೇ. ಎರಡನೆಯದನ್ನು ಋಣ ಎಂದು ಹೊಡೆದುಹಾಕಿಬಿಡುವುದು ರೂಢಿ. ನೆರಳಿನ ಪ್ರಶ್ನೆಗೆ ಅದು ಸರಿಯೇ, ದಿಗಂತದ ಕೆಳಗಿನ ಸೂರ್ಯನಿಗೆ ನೆರಳಿಲ್ಲ. ಆದರೆ ವರ್ಗ ಮಾಡಿದಾಗ ನುಸುಳಿ ಬರುವ ಸುಳ್ಳು ಉತ್ತರದಂತಲ್ಲ ಇದು. ಡಿಸೆಂಬರ್ 21ರ ನಡುರಾತ್ರಿಯ ತುಸು ಹೊತ್ತಿನ ಮೇಲೆ ಸೂರ್ಯ ನಿಜವಾಗಿಯೂ ನಮ್ಮ ಕಾಲ ಕೆಳಗೆ, ಆಗ್ನೇಯ ದಿಕ್ಕಿನಲ್ಲಿ, 74.79 ಡಿಗ್ರಿ ಆಳದಲ್ಲಿ ಹಾದುಹೋಗುತ್ತಾನೆ. ಯಾವ ಉತ್ತರ ಸಮೀಕರಣದ ತಪ್ಪು, ಯಾವುದು ಬರೀ ನಮ್ಮ ಪ್ರಶ್ನೆಗೆ ಬೇಡವಾದದ್ದು ಎಂಬ ಈ ವ್ಯತ್ಯಾಸವನ್ನು ತರಗತಿಯಲ್ಲಿ ಬಿಡಿಸಿ ಹೇಳಬೇಕು. ಜೂನ್ 21ಕ್ಕೆ ಈಶಾನ್ಯವನ್ನು ತೆಗೆದುಕೊಂಡರೆ ಇದೇ ಎರಡು ಅಂಕಿಗಳು ಚಿಹ್ನೆ ಬದಲಿಸಿಕೊಂಡು ಬರುತ್ತವೆ: ಉನ್ನತಿ 74.79, ಇನ್ನೊಂದು −38.63. ಸೂರ್ಯಸಿದ್ಧಾಂತದ ನಿಯಮದಲ್ಲೂ ಕಳೆಯುವ ಬದಲು ಕೂಡಿದರೆ 0.965, ಅದು 74.79ರದ್ದೇ ಸೈನ್.

ನೆರಳು ಹಿಂದೆ ಸರಿಯಬೇಕಾದರೆ ಸೂರ್ಯನ ಕ್ರಾಂತಿ ಊರಿನ ಅಕ್ಷಾಂಶವನ್ನು ಮೀರಬೇಕು. ದೆಹಲಿಯ ಅಕ್ಷಾಂಶ 28 ಡಿಗ್ರಿಗೂ ಮೇಲೆ, ಸೂರ್ಯ 23.44ನ್ನು ದಾಟುವುದಿಲ್ಲ, ಅಲ್ಲಿ ಇದನ್ನು ಕಾಣಲು ಸಾಧ್ಯವೇ ಇಲ್ಲ. ಕರ್ನಾಟಕ ಪೂರ್ತಿ ಈ ಗೆರೆಯ ಒಳಗಿದೆ, ಆದರೆ ಊರಿಂದ ಊರಿಗೆ ಆಟ ಬೇರೆ. ಬೀದರ್‌ನ ಅಕ್ಷಾಂಶ ಸುಮಾರು 17.9 ಡಿಗ್ರಿ. ಜೂನ್ 21ರಂದು ಅಲ್ಲಿ ಸೂರ್ಯ 65 ಡಿಗ್ರಿ ಚಿಲ್ಲರೆ ದಿಕ್ಕಿನಲ್ಲಿ ಹುಟ್ಟಿ 74.6ರವರೆಗೆ ಹೋಗಿ ಹಿಂದಿರುಗುತ್ತಾನೆ. ಬೆಂಗಳೂರಿನಲ್ಲಿ ನಾಲ್ಕೂವರೆ ಡಿಗ್ರಿಯಷ್ಟಿದ್ದ ಹೋಗಿಬರುವಿಕೆ ಅಲ್ಲಿ ಒಂಬತ್ತು ಡಿಗ್ರಿ ದಾಟುತ್ತದೆ. ತಿರುಗುವ ಗಳಿಗೆಯೂ ತಡ, ಸೂರ್ಯ 50 ಡಿಗ್ರಿಗಿಂತ ಮೇಲೆ ಏರಿದ ಬಳಿಕ, ಸುಮಾರು 9.35ಕ್ಕೆ. ಬೆಂಗಳೂರಿನ ತಾರಸಿಗಿಂತ ಬೀದರ್‌ನ ಶಾಲೆಯ ಅಂಗಳದಲ್ಲಿ ಈ ಗೆರೆಗಳನ್ನು ಎಳೆಯುವುದು ಸುಲಭ, ನೆರಳು ಚಿಕ್ಕದಾಗಿ ಅಂಗಳದೊಳಗೇ ಉಳಿಯುತ್ತದೆ, ಎರಡು ಗೆರೆಗಳ ನಡುವಿನ ಅಂತರವೂ ಬರಿಗಣ್ಣಿಗೆ ಎದ್ದು ಕಾಣುತ್ತದೆ.